‘ಸೆರಾಮಿಕ್ ಕ್ಯಾಪ್’ ಅಂದ್ರೆ ಏನು ಅಂತ ಕೇಳದೆ ದುಡ್ಡು ಕೊಡಬೇಡಿ

ಹೋದ ತಿಂಗಳು ನಿಪ್ಪಟ್ಟು ಕಡಿದಾಗ ಬಾಯಲ್ಲಿ ಕಟ್ ಅಂತು. ನಿಪ್ಪಟ್ಟಿನ ಕಡಲೆ ಅಂದುಕೊಂಡು ಉಗುಳಿದರೆ ಅಂಗೈಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ಚೂರು. ಮೊಬೈಲ್ ಟಾರ್ಚ್ ಹಿಡಿದು ಕನ್ನಡಿಯಲ್ಲಿ ನೋಡಿದೆ. ಬಲಗಡೆ ಕೆಳಗಿನ ದವಡೆ ಹಲ್ಲಿನ ಕ್ಯಾಪ್ ಒಡೆದು, ಒಳಗಿನಿಂದ ಬೂದು ಬಣ್ಣದ ಲೋಹ ಹೊಳೆಯುತ್ತಿತ್ತು. ಹಾಕಿಸಿ ಇನ್ನೂ ಎರಡು ವರ್ಷ ಆಗಿರಲಿಲ್ಲ.

ಅದನ್ನು ಹಾಕಿಸೋ ಮೊದಲು ಬೆಂಗಳೂರಲ್ಲಿ ಮೂರು ಕ್ಲಿನಿಕ್ ಸುತ್ತಿದ್ದೆ. ಮೊದಲನೆಯವರು ರೂಟ್ ಕೆನಾಲ್‌ಗೆ 5,000, ಲೋಹವೇ ಕಾಣದ ಬಿಳಿ ಜಿರ್ಕೋನಿಯಾ ಕ್ಯಾಪ್‌ಗೆ 10,000 ಅಂದರು. ಎರಡನೆಯವರು ರೂಟ್ ಕೆನಾಲ್‌ಗೆ 4,500, ಕ್ಯಾಪ್ ಪಿಎಫ್‌ಎಂ ಅನ್ನೋ ಬಗೆಯದಾದರೆ 4,500, ಜಿರ್ಕೋನಿಯಾ ಆದರೆ 9,500 ಅಂದರು. ಮೂರನೆಯವರು ‘ರೂಟ್ ಕೆನಾಲ್, ಸೆರಾಮಿಕ್ ಕ್ಯಾಪ್ ಎಲ್ಲಾ ಸೇರಿ 10,000’ ಅಂದರು. ಐದು ಸಾವಿರ ಉಳೀತು ಅಂತ ಖುಷಿಯಾಗಿ ಕೂತೇಬಿಟ್ಟೆ.

ಒಡೆದ ಮೇಲೆ ಅಲ್ಲಿಗೇ ಹೋಗಿ, ಸೆರಾಮಿಕ್ ಅಂದಿರಿ, ಒಳಗೆ ಲೋಹ ಇದೆಯಲ್ಲ ಅಂತ ಕೇಳಿದೆ. ‘ಅದು ಪಿಎಫ್‌ಎಂ, ಅದೂ ಸೆರಾಮಿಕ್ಕೇ ಅಲ್ವಾ ಸಾರ್’ ಅಂದರು. ಮಾತು ಸುಳ್ಳಲ್ಲ, ಅದೇ ನೋಡಿ ಹೊಟ್ಟೆ ಉರಿಸೋದು. ಪಿಎಫ್‌ಎಂ ಅಂದರೆ ಒಳಗೆ ಲೋಹದ ಟೊಪ್ಪಿ, ಅದರ ಮೇಲೆ ಹಲ್ಲಿನ ಬಣ್ಣದ ಪೋರ್ಸಲೇನ್ ಪದರ. ಗಟ್ಟಿ ಕಡಿದರೆ ಆ ಪದರ ಲೋಹದಿಂದ ಕಿತ್ತು ಬರಬಹುದು, ವಸಡು ಸ್ವಲ್ಪ ಕೆಳಗಿಳಿದರೆ ಅಂಚಲ್ಲಿ ಕಪ್ಪು ಗೆರೆಯೂ ಕಾಣುತ್ತೆ. ಹಾಗಂತ ಪಿಎಫ್‌ಎಂ ಕೆಟ್ಟದ್ದಲ್ಲ, ಎಷ್ಟೋ ಜನರಿಗೆ ಹತ್ತು ವರ್ಷ ಮೀರಿ ಬಾಳಿದೆ. ಆದರೆ ನಾನು ಇವರ ಪಿಎಫ್‌ಎಂ ಅನ್ನು ಹೋಲಿಸಿದ್ದು ಮೊದಲನೆಯವರ ಜಿರ್ಕೋನಿಯಾ ಜೊತೆ. ಎರಡನೆಯವರ ಹತ್ತಿರ ಇದೇ ಪಿಎಫ್‌ಎಂ ಎಲ್ಲಾ ಸೇರಿ 9,000ಕ್ಕೆ ಆಗ್ತಿತ್ತು. ಅಂದರೆ ಉಳಿದದ್ದು ಏನೂ ಇಲ್ಲ, ಸಾವಿರ ಜಾಸ್ತಿ ಕೊಟ್ಟು ಬಂದಿದ್ದೆ. ಬಿಲ್ಲಲ್ಲಿ ಬರೆದಿದ್ದು ಬರೀ ‘ಕ್ಯಾಪ್’.

ಇದನ್ನು ಹಿಡಿಯೋದು ಸುಲಭ ಅಂತ ಗೊತ್ತಾದದ್ದು ಆಮೇಲೆ. ಸಿಮೆಂಟ್ ಹಾಕಿ ಕೂರಿಸೋ ಮೊದಲು ಕ್ಯಾಪ್ ಕೈಗೆ ಕೊಡಿ ಅಂತ ಕೇಳಿ, ಬೋರಲು ಹಾಕಿ ಒಳಗೆ ನೋಡಿ. ಪಿಎಫ್‌ಎಂ ಆದರೆ ಒಳಗಡೆ ಬೂದು ಲೋಹ, ಜಿರ್ಕೋನಿಯಾ ಆದರೆ ಒಳಗೂ ಹೊರಗೂ ಬಿಳಿ. ಜಿರ್ಕೋನಿಯಾದಲ್ಲೂ ಮೇಲೆ ಪೋರ್ಸಲೇನ್ ಬಳಿದದ್ದು ಇರುತ್ತೆ, ಅದೂ ಚೂರಾಗಬಹುದು. ಅದಕ್ಕೇ ದವಡೆ ಹಲ್ಲಿಗೆ ಪೂರ್ತಿ ಜಿರ್ಕೋನಿಯಾದೇ ಕೊಡ್ತೀರಾ ಅಂತ ಬಾಯಿಬಿಟ್ಟು ಕೇಳಬೇಕು. ನಕ್ಕಾಗಲೂ ಕಾಣದ ಕಟ್ಟಕಡೆ ಹಲ್ಲಿಗಾದರೆ ಬರೀ ಲೋಹದ ಕ್ಯಾಪ್ ಸಾಕು ಅಂತ ನನಗನಿಸುತ್ತೆ. ಅಗ್ಗ, ಒಡೆಯಲ್ಲ, ಹಲ್ಲನ್ನೂ ಕಡಿಮೆ ಕೆತ್ತಿದರೆ ಸಾಕು.

ಎಕ್ಸ್‌ರೇಯಲ್ಲಿ ಒಳಗಿನ ರೂಟ್ ಕೆನಾಲ್ ಚೆನ್ನಾಗಿತ್ತು, ಅದೊಂದು ಪುಣ್ಯ. ಹಳೇ ಕ್ಯಾಪ್ ಕತ್ತರಿಸಿ ತೆಗೆದು, ಎರಡನೆಯ ಕ್ಲಿನಿಕ್ಕಿನಲ್ಲಿ ಜಿರ್ಕೋನಿಯಾ ಹಾಕಿಸಿಕೊಂಡೆ. ಈ ಸಲ ಲ್ಯಾಬಿನ ವಾರಂಟಿ ಕಾರ್ಡ್ ಕೈಗೆ ಬಂತು. ಅದರಲ್ಲಿ ಹಲ್ಲಿನ ನಂಬರ್ 46, ಪಕ್ಕದಲ್ಲೇ ವಸ್ತುವಿನ ಹೆಸರು.