ನೋ ಕಾಸ್ಟ್, ಆ್ಯಪ್, ಫೋನ್ ಆಫರ್: ಕಾರ್ಡಿನ ಮೂರು ಕಂತುಗಳಲ್ಲಿ ಯಾವುದು ಎಷ್ಟು ದುಬಾರಿ?

ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದನ್ನು ಕಂತಿಗೆ ಹಾಕಿಸೋಕೆ ಸಾಮಾನ್ಯವಾಗಿ ಮೂರು ದಾರಿ ಸಿಗುತ್ತವೆ. ಅಂಗಡಿಯಲ್ಲೇ ‘ನೋ ಕಾಸ್ಟ್ ಇಎಂಐ’ ಅಂತ ಹಾಕಿಸಬಹುದು. ಮೊದಲು ಪೂರ್ತಿ ಮೊತ್ತಕ್ಕೆ ಕಾರ್ಡ್ ಉಜ್ಜಿ, ಆಮೇಲೆ ಬ್ಯಾಂಕಿನ ಆ್ಯಪ್‌ನಲ್ಲಿ ಕಂತಿಗೆ ಬದಲಿಸಬಹುದು. ಇಲ್ಲಾಂದ್ರೆ ಬ್ಯಾಂಕಿನ ಪರವಾಗಿ ಫೋನ್ ಮಾಡುವವರು ಕೊಡುವ ಆಫರ್‌ಗೆ ಹೂಂ ಅನ್ನಬಹುದು. ಮೊದಲಿನ ಎರಡನ್ನು ನಾನೇ ಬಳಸಿದ್ದೇನೆ. ಮೂರನೆಯದನ್ನು ನನ್ನ ತಮ್ಮ ತಗೊಂಡಿದ್ದ, ಅವನ ಬಿಲ್ಲುಗಳನ್ನು ಕೂತು ನೋಡಿದ್ದೇನೆ.

ಕೊಂಡ ವಸ್ತುಗಳೂ ಮೊತ್ತಗಳೂ ಬೇರೆ ಬೇರೆ. ಹಾಗಾಗಿ ನಮಗೆ ಸಿಕ್ಕ ದರಗಳನ್ನೇ ಇಟ್ಟುಕೊಂಡು, ಮೂರನ್ನೂ ನನ್ನ ಫ್ರಿಜ್ಜಿನ ಬೆಲೆಗೆ ಇಳಿಸಿದ್ದೇನೆ: 36,000 ರೂಪಾಯಿ, ಆರು ತಿಂಗಳು. ನಿಮ್ಮ ಬ್ಯಾಂಕಿನ ದರ ಬೇರೆ ಇರಬಹುದು. ಲೆಕ್ಕ ಹಾಕುವ ಕ್ರಮ ಮಾತ್ರ ಒಂದೇ.

ಅಂಗಡಿಯ ನೋ ಕಾಸ್ಟ್ ಇಎಂಐ

ತಿಂಗಳಿಗೆ 6,000ದಂತೆ ಆರು ಕಂತು, ಒಟ್ಟು 36,000. ಬಡ್ಡಿ ಎಲ್ಲಿದೆ ಅನ್ನಿಸುತ್ತೆ ಅಲ್ವಾ? ಇದೆ. ಬ್ಯಾಂಕ್ ವರ್ಷಕ್ಕೆ ಶೇ. 16ರಂತೆ ಬಡ್ಡಿ ಹಾಕುತ್ತದೆ. ಆ ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ಮೊದಲೇ ಡಿಸ್ಕೌಂಟ್ ಅಂತ ಕಳೆದಿರುತ್ತಾರೆ. ನನ್ನ ಚಾರ್ಜ್ ಸ್ಲಿಪ್‌ನಲ್ಲಿ ಸಾಲದ ಮೊತ್ತ 34,378 ಅಂತಿತ್ತು, ಡಿಸ್ಕೌಂಟ್ 1,622. ಆರು ತಿಂಗಳ ಬಡ್ಡಿ ಸೇರಿದರೆ ಮತ್ತೆ 36,000 ಆಗುತ್ತದೆ.

ಇಷ್ಟೇ ಆಗಿದ್ದರೆ ನಿಜಕ್ಕೂ ಖರ್ಚಿಲ್ಲ. ಆದರೆ ಮೊದಲ ತಿಂಗಳ ಬಿಲ್ಲಿಗೆ ಬಂದದ್ದು 6,317 ರೂಪಾಯಿ. ಅದರಲ್ಲಿ ಅಸಲು 5,541.62, ಬಡ್ಡಿ 458.38. ಇವೆರಡು ಸೇರಿ 6,000. ಅದರ ಕೆಳಗೆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 82.51. ಆಮೇಲೆ ಪ್ರೊಸೆಸಿಂಗ್ ಫೀ 199, ಅದಕ್ಕೂ ಜಿಎಸ್‌ಟಿ 35.82.

ಬೇರೆ ಸಾಲಗಳ ಬಡ್ಡಿಗೆ ಜಿಎಸ್‌ಟಿ ಇಲ್ಲ, ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಇದೆ. ಅಂಗಡಿಯವರು ಬಿಟ್ಟುಕೊಡುವುದು ಬಡ್ಡಿಯನ್ನು ಮಾತ್ರ. ಅದರ ಮೇಲಿನ ತೆರಿಗೆ ನಮ್ಮ ತಲೆಗೇ ಬರುತ್ತದೆ. ಅಸಲು ಇಳಿದ ಹಾಗೆ ಬಡ್ಡಿ ಇಳಿಯುತ್ತದೆ, ತೆರಿಗೆಯೂ ಇಳಿಯುತ್ತದೆ. ಎರಡನೇ ತಿಂಗಳು 69 ರೂಪಾಯಿ, ಕೊನೆಯ ತಿಂಗಳು 14. ಆರು ತಿಂಗಳಿಗೆ ಒಟ್ಟು ಜಿಎಸ್‌ಟಿ 292, ಫೀ 235. ಹೆಚ್ಚಿಗೆ ಹೋದದ್ದು 527 ರೂಪಾಯಿ.

ಸ್ಲಿಪ್ ಕೈಗೆ ಬಂದ ತಕ್ಷಣ ಸಾಲದ ಮೊತ್ತದ ಸಾಲನ್ನು ನೋಡಿ. ಅಲ್ಲಿ 34,378ರ ಬದಲು ಪೂರ್ತಿ 36,000 ಇದ್ದು, ಕಂತು 6,283 ಅಂತಿದ್ದರೆ ಡಿಸ್ಕೌಂಟ್ ಇನ್ನೂ ಸಿಕ್ಕಿಲ್ಲ ಅಂತ ಅರ್ಥ. ಕೆಲವು ಆಫರ್‌ಗಳಲ್ಲಿ ಅದು ಆಮೇಲೆ ಕ್ಯಾಶ್‌ಬ್ಯಾಕ್ ಆಗಿ ಬರುತ್ತದೆ. ಯಾವಾಗ, ಎಷ್ಟು ಅಂತ ಕೌಂಟರ್ ಬಿಡುವ ಮೊದಲೇ ಬರೆಸಿಕೊಳ್ಳಬೇಕು.

ಇನ್ನೊಂದು ಖರ್ಚು ಯಾವ ಸ್ಲಿಪ್‌ನಲ್ಲೂ ಕಾಣುವುದಿಲ್ಲ. ನಾನು ಅಂಗಡಿಯವರನ್ನು, “ಒಂದೇ ಸಲ ಕಟ್ಟಿದ್ರೆ ಎಷ್ಟಕ್ಕೆ ಕೊಡ್ತೀರಾ?” ಅಂತ ಕೇಳಿದೆ. “ಫುಲ್ ಪೇಮೆಂಟ್ ಆದ್ರೆ 35,000 ಮಾಡಿಕೊಡ್ತೀನಿ ಸರ್, ನೋ ಕಾಸ್ಟ್‌ಗೆ ಆಗಲ್ಲ” ಅಂದರು. ಅಲ್ಲಿಗೆ ಕಂತಿನ ನಿಜವಾದ ಖರ್ಚು 527 ಅಲ್ಲ, 1,527. ವರ್ಷದ ಬಡ್ಡಿಗೆ ತಂದರೆ ಸುಮಾರು ಶೇ. 15. ಈ ಪ್ರಶ್ನೆಯನ್ನು ಕಂತಿನ ಮಾತು ತೆಗೆಯುವ ಮುಂಚೆಯೇ ಕೇಳಬೇಕು. ಇಎಂಐ ಬೇಕು ಅಂತ ಗೊತ್ತಾದ ಮೇಲೆ ಚೌಕಾಸಿಗೆ ಜಾಗವೇ ಇರುವುದಿಲ್ಲ.

ರಿಸರ್ವ್ ಬ್ಯಾಂಕ್ 2013ರಲ್ಲೇ ಶೂನ್ಯ ಬಡ್ಡಿ ಅನ್ನುವುದೇ ಇಲ್ಲ ಎಂದು ಬ್ಯಾಂಕುಗಳಿಗೆ ಹೇಳಿತ್ತು. ಕಾರ್ಡುಗಳ ಬಗ್ಗೆ ಅದು 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಅಸಲು, ಬಡ್ಡಿ, ಡಿಸ್ಕೌಂಟ್ ಮೂರನ್ನೂ ಕಂತಿಗೆ ಬದಲಿಸುವ ಮೊದಲು ಬೇರೆ ಬೇರೆಯಾಗಿ ತೋರಿಸಬೇಕು, ತಿಂಗಳ ಬಿಲ್ಲಿನಲ್ಲೂ ತೋರಿಸಬೇಕು. ಬಡ್ಡಿ ಇರುವ ಕಂತನ್ನು ನೋ ಕಾಸ್ಟ್ ಅಂತ ಮರೆಮಾಚುವ ಹಾಗಿಲ್ಲ. ಬಿಲ್ಲಿನಲ್ಲಿ ಈ ವಿವರ ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಧೈರ್ಯವಾಗಿ ಕೇಳಿ. ಅದು ನಮ್ಮ ಹಕ್ಕು.

ಆಮೇಲೆ ಆ್ಯಪ್‌ನಲ್ಲಿ ಬದಲಿಸಿದ್ದು

ಲ್ಯಾಪ್‌ಟಾಪ್ ಕೊಂಡ ತಿಂಗಳು ಬೇರೆ ಖರ್ಚೂ ಬಂತು. ಆ್ಯಪ್ ತೆರೆದರೆ ಆ ಖರೀದಿಯ ಪಕ್ಕದಲ್ಲೇ ಕಂತಿಗೆ ಬದಲಿಸುವ ಬಟನ್ ಇತ್ತು. ದರ ಶೇ. 15, ಪ್ರೊಸೆಸಿಂಗ್ ಫೀ ಶೇ. 1. ನೋ ಕಾಸ್ಟ್‌ನ 16ಕ್ಕಿಂತ ಕಡಿಮೆ ಅಂತ ಕಾಣುತ್ತದೆ. ಆದರೆ ಇಲ್ಲಿ ಬಡ್ಡಿಯನ್ನು ಬಿಟ್ಟುಕೊಡುವವರು ಯಾರೂ ಇಲ್ಲ.

36,000ಕ್ಕೆ ಕಂತು 6,265. ಆರು ತಿಂಗಳ ಬಡ್ಡಿ 1,591, ಅದರ ಜಿಎಸ್‌ಟಿ 286. ಫೀ 360, ಅದಕ್ಕೆ ಜಿಎಸ್‌ಟಿ ಸೇರಿ 425. ಒಟ್ಟು ಹೆಚ್ಚಿಗೆ ಹೋಗುವುದು 2,302. ತೆರಿಗೆ, ಫೀ ಎಲ್ಲ ಹಿಡಿದರೆ ಶೇ. 15 ಅನ್ನುವುದು ಹೆಚ್ಚುಕಡಿಮೆ 22 ಆಗುತ್ತದೆ. ಆ್ಯಪ್‌ನ ಪರದೆಯಲ್ಲಿ ಕಂತು ದೊಡ್ಡ ಅಕ್ಷರದಲ್ಲಿತ್ತು. ಫೀ ಮತ್ತು ಜಿಎಸ್‌ಟಿ ಬಗ್ಗೆ ಕೆಳಗೆ ಒಂದು ಸಾಲಿತ್ತು, ಒಟ್ಟು ಎಷ್ಟು ಅಂತ ಇರಲಿಲ್ಲ. ಅದನ್ನು ನಾವೇ ಕೂಡಬೇಕು.

ಈ ದಾರಿಯ ಒಳ್ಳೆಯ ಗುಣವೂ ಇದೆ. ಅಂಗಡಿಯಲ್ಲಿ ಪೂರ್ತಿ ಕಟ್ಟುವವರಿಗೆ ಸಿಗುವ ಬೆಲೆಯೇ ನಮಗೂ ಸಿಗುತ್ತದೆ. ಫ್ರಿಜ್ಜನ್ನೇ 35,000ಕ್ಕೆ ಕೊಂಡು ಆ್ಯಪ್‌ನಲ್ಲಿ ಬದಲಿಸಿದ್ದರೆ ಹೆಚ್ಚಿಗೆ ಸುಮಾರು 2,240 ಹೋಗಿ ಒಟ್ಟು 37,240 ಆಗುತ್ತಿತ್ತು. ನೋ ಕಾಸ್ಟ್‌ನಲ್ಲಿ ಆದದ್ದು 36,527. ಅಂತರ ಏಳುನೂರು ಚಿಲ್ಲರೆ ಅಷ್ಟೇ. ಅಂಗಡಿಯವರು ಇನ್ನೂ ಒಂದು ಸಾವಿರ ಇಳಿಸಿದ್ದರೆ ಆ್ಯಪ್‌ನ ದಾರಿಯೇ ಅಗ್ಗವಾಗುತ್ತಿತ್ತು.

ಫೋನ್‌ನಲ್ಲಿ ಬಂದ ಆಫರ್

ತಮ್ಮನಿಗೆ ಹೇಳಿದ್ದು ಹೀಗೆ: “ಸರ್, ತಿಂಗಳಿಗೆ ಬರೀ 1 ಪರ್ಸೆಂಟ್, ಪ್ರೊಸೆಸಿಂಗ್ ಫೀ ಇಲ್ಲವೇ ಇಲ್ಲ.” ಅಂದರೆ ವರ್ಷಕ್ಕೆ 12 ಅಂತ ಅವನು ಅಂದುಕೊಂಡ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಇದು ಫ್ಲಾಟ್ ದರ. ಮೇಲಿನ ಎರಡರಲ್ಲೂ ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ. ಇಲ್ಲಿ ಕೊನೆಯ ತಿಂಗಳು ಕೂಡ ಪೂರ್ತಿ 36,000ದ ಮೇಲೆ ಬಡ್ಡಿ, ಆ ಹೊತ್ತಿಗೆ ಐದು ಕಂತು ತೀರಿಸಿದ್ದರೂ ಅಷ್ಟೇ. ತಿಂಗಳಿಗೆ 360ರಂತೆ ಆರು ತಿಂಗಳಿಗೆ 2,160. ಕಂತು 6,360. ಮೊದಲ ಎರಡರ ಜೊತೆ ಇಟ್ಟು ನೋಡೋಕೆ ಇದನ್ನೂ ಇಳಿಯುವ ಬಾಕಿಯ ದರಕ್ಕೆ ತರಬೇಕು. ಫೋನಿನಲ್ಲಿ ಇರುವ ಯಾವುದೇ ಸ್ಪ್ರೆಡ್‌ಶೀಟ್ ಆ್ಯಪ್ ತೆರೆದು ಹೀಗೆ ಟೈಪ್ ಮಾಡಿ:

```
=RATE(6,-6360,36000)*12
```

ಮೊದಲನೆಯದು ತಿಂಗಳು, ಎರಡನೆಯದು ಕಂತು (ಹಿಂದೆ ಮೈನಸ್ ಇರಲೇಬೇಕು), ಮೂರನೆಯದು ಸಾಲದ ಮೊತ್ತ. ಉತ್ತರ 0.203, ಅಂದರೆ ಶೇ. 20.3. ಬಡ್ಡಿಯ ಜಿಎಸ್‌ಟಿ 389 ಸೇರಿದರೆ ಹೆಚ್ಚಿಗೆ ಹೋಗುವುದು 2,549, ವರ್ಷದ ದರ 24ರ ಹತ್ತಿರ. ಫೀ ಇಲ್ಲದ ‘12’ ಕೊನೆಗೆ ಫೀ ಇರುವ ‘15’ಕ್ಕಿಂತ ದುಬಾರಿ. ಫೋನ್ ಬಂದಾಗ ದರ ಎಷ್ಟು ಅಂತ ಕೇಳಬೇಡಿ, ಕಂತು ಎಷ್ಟು ರೂಪಾಯಿ ಅಂತ ಕೇಳಿ. ಮಿಕ್ಕದ್ದನ್ನು ಈ ಒಂದು ಸಾಲೇ ಹೇಳುತ್ತದೆ.

ಫ್ರಿಜ್ಜಿನ ಬೆಲೆ 36,000 ಅಂತಲೇ ಹಿಡಿದರೆ ಮೂರೂ ಹೀಗೆ ಕಾಣುತ್ತವೆ:

| | ಹೇಳುವ ದರ | ಕಂತು | ಹೆಚ್ಚಿಗೆ ಹೋಗುವುದು |
|---|---|---|---|
| ನೋ ಕಾಸ್ಟ್ | 0 | 6,000 | 527 |
| ಆ್ಯಪ್ | ಶೇ. 15 | 6,265 | 2,302 |
| ಫೋನ್ ಆಫರ್ | ತಿಂಗಳಿಗೆ ಶೇ. 1 | 6,360 | 2,549 |

ದೊಡ್ಡ ಖರೀದಿಗೆ, ಅದೂ ಬೆಲೆ ಇಳಿಸೋಕೆ ಅಂಗಡಿಯವರು ಒಪ್ಪದಿದ್ದಾಗ, ನಾನು ನೋ ಕಾಸ್ಟ್ ತಗೊಳ್ಳುತ್ತೇನೆ. ಚಿಕ್ಕ ಖರೀದಿಗೆ ಬೇಡ. 6,000ದ ಮಿಕ್ಸಿಯನ್ನು ಮೂರು ತಿಂಗಳ ನೋ ಕಾಸ್ಟ್‌ಗೆ ಹಾಕಿದರೂ ಫೀ ಅದೇ 235. ಬಡ್ಡಿಯ ಜಿಎಸ್‌ಟಿ 28 ಸೇರಿ 263. ಅಷ್ಟು ಸಣ್ಣ ಸಾಲಕ್ಕೆ ಇದು ವರ್ಷಕ್ಕೆ ಶೇ. 26ರ ಆಸುಪಾಸು. ಸುಮ್ನೆ ಒಂದೇ ಸಲ ಕಟ್ಟಿಬಿಡುವುದು ಲೇಸು.

ಮೂರಕ್ಕೂ ಹೊಂದುವ ಒಂದು ಮಾತಿದೆ. ಕಂತಿನ ಮೊತ್ತ ಆ ತಿಂಗಳ ಬಿಲ್ಲಿನಲ್ಲೇ ಸೇರಿರುತ್ತದೆ. ಬಿಲ್ಲನ್ನು ಪೂರ್ತಿ ಕಟ್ಟದೆ ‘ಮಿನಿಮಮ್ ಡ್ಯೂ’ ಮಾತ್ರ ಕಟ್ಟಿದರೆ ಉಳಿದ ಬಾಕಿಗೆ ಕಾರ್ಡಿನ ಮಾಮೂಲಿ ಬಡ್ಡಿ ಬೀಳುತ್ತದೆ. ಅದು ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೇ ಶೇ. 3ಕ್ಕಿಂತ ಮೇಲೆ. ಆಮೇಲೆ ಮೇಲಿನ ಯಾವ ಲೆಕ್ಕವೂ ನಿಲ್ಲುವುದಿಲ್ಲ.

ನಡುವೆ ದುಡ್ಡು ಬಂದರೆ ಮೊದಲೇ ತೀರಿಸಿಬಿಡೋಣ ಅಂತ ಅನ್ನಿಸುತ್ತದೆ. ಆ್ಯಪ್‌ನಲ್ಲಿ ಬದಲಿಸಿದ ಸಾಲಕ್ಕೆ ಮೂರು ಕಂತು ಕಟ್ಟಿದ ಮೇಲೆ ನಾನೂ ವಿಚಾರಿಸಿದೆ. ಮೊದಲೇ ಮುಚ್ಚಿದರೆ ಬಾಕಿಯ ಶೇ. 3 ಶುಲ್ಕ, ಜೊತೆಗೆ ಜಿಎಸ್‌ಟಿ ಅಂದರು. ಇದನ್ನೂ 36,000ದ ಲೆಕ್ಕದಲ್ಲೇ ಹೇಳುತ್ತೇನೆ. ಆಗ ಬಾಕಿ 18,335, ಶುಲ್ಕ ತೆರಿಗೆ ಸೇರಿ 649. ಮುಚ್ಚುವುದರಿಂದ ಉಳಿಯುವುದು ಮಿಕ್ಕ ಮೂರು ತಿಂಗಳ ಬಡ್ಡಿ 460, ಅದರ ಜಿಎಸ್‌ಟಿ 83, ಒಟ್ಟು 543. ಮುಚ್ಚಿದರೇ ನೂರು ರೂಪಾಯಿ ಜಾಸ್ತಿ. ಮೊದಲು ಕಟ್ಟಿದ ಪ್ರೊಸೆಸಿಂಗ್ ಫೀ ವಾಪಸ್ ಇಲ್ಲ ಅಂತಲೂ ಹೇಳಿದರು. ಉಳಿದ ಮೂರು ಕಂತನ್ನು ಹಾಗೇ ಕಟ್ಟಿ ಮುಗಿಸಿದೆ.