ಮೂರು ಪ್ರಶಸ್ತಿ ಪಟ್ಟಿ ಹಿಡಿದು ಸಿನಿಮಾ ಹುಡುಕಿದೆ

ಹೋದ ಮಳೆಗಾಲದಲ್ಲಿ ಕೊಪ್ಪಳದ ಮನೆಯಲ್ಲಿ ಕೂತು ಮೂರು ಪಟ್ಟಿ ಹಿಡಿದು ಸಿನಿಮಾ ಹುಡುಕಿದೆ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಪಾಮ್ ಡೋರ್, ಅದೇ ಉತ್ಸವದ ಕ್ಯಾಮೆರಾ ಡೋರ್, ಮತ್ತೊಂದು ಕೊರಿಯಾದ ಬುಸಾನ್ ಉತ್ಸವದ ನ್ಯೂ ಕರೆಂಟ್ಸ್.

ಪಾಮ್ ಡೋರ್ ಪಟ್ಟಿ ಬೇಗ ಮುಗಿಯಿತು. 2019ರದ್ದು ಪ್ಯಾರಸೈಟ್, 2018ರದ್ದು ಶಾಪ್‌ಲಿಫ್ಟರ್ಸ್. ಒಳ್ಳೆಯವೇ, ಆದರೆ ಇವನ್ನು ಹುಡುಕೋಕೆ ಪಟ್ಟಿ ಯಾಕೆ ಬೇಕು? ಊರೆಲ್ಲಾ ಮಾತಾಡಿ ಆಗಿದೆ.

ಕ್ಯಾಮೆರಾ ಡೋರ್ ಬೇರೆ ಥರ. ಅದು ನಿರ್ದೇಶಕರ ಮೊದಲ ಸಿನಿಮಾಕ್ಕೆ ಮಾತ್ರ. ಮುಖ್ಯ ಸ್ಪರ್ಧೆಯಲ್ಲೇ ಇರಬೇಕು ಅಂತಿಲ್ಲ, ಪಕ್ಕದ ಸಣ್ಣ ವಿಭಾಗಗಳಿಂದಲೂ ಆರಿಸುತ್ತಾರೆ. ಹಾಗಾಗಿ ಕೇಳಿರದ ಹೆಸರುಗಳೇ ಜಾಸ್ತಿ. 2015ರಲ್ಲಿ ಗೆದ್ದದ್ದು ಕೊಲಂಬಿಯಾದ ಲ್ಯಾಂಡ್ ಅಂಡ್ ಶೇಡ್. ಈ ಹೆಸರು ಟೈಪ್ ಮಾಡಿದರೆ ನನಗೆ ಬಂದದ್ದು ಶೇಡ್‌ನೆಟ್ ಜಾಹೀರಾತು! ಮೂಲ ಹೆಸರು `La tierra y la sombra` ಹಾಕಿದ ಮೇಲೆ ಸಿಕ್ಕಿತು. ಕಬ್ಬಿನ ಗದ್ದೆಗೆ ಬೆಂಕಿ ಇಟ್ಟಾಗ ಹಾರುವ ಬೂದಿಯ ನಡುವೆ ಒಂದು ಮನೆ. ಮಗನ ಎದೆ ಕೆಟ್ಟಿದೆ, ಕಿಟಕಿ ತೆಗೆಯೋ ಹಾಗಿಲ್ಲ. ನಮ್ಮ ಕಡೆಯೂ ಬೆಳಿಗ್ಗೆ ಒರೆಸಿದ ಕಟ್ಟೆ ಮೇಲೆ ಮಧ್ಯಾಹ್ನಕ್ಕೆ ಕಪ್ಪು ಧೂಳು ಕೂತಿರುತ್ತದೆ. ಅವ್ವ ಅರ್ಧ ನೋಡಿ, "ಇದು ನಮ್ಮ ಮನಿ ಕಥೀನ ಐತಲ್ಲ" ಅಂದಳು.

ಆದರೆ ಈ ಪಟ್ಟಿಗೆ ತಾಳ್ಮೆ ಬೇಕು. 2023ರಲ್ಲಿ ಗೆದ್ದ ವಿಯೆಟ್ನಾಂನ ಇನ್‌ಸೈಡ್ ದ ಯೆಲ್ಲೋ ಕಕೂನ್ ಶೆಲ್ ಸುಮಾರು ಮೂರು ಗಂಟೆ. ರಾತ್ರಿ ಊಟ ಮಾಡಿ ಕೂತೆ, ನಿದ್ದೆ ಹೋದೆ. ತಪ್ಪು ಸಿನಿಮಾದ್ದಲ್ಲ, ಹೊತ್ತಿನದು. ಈಗ ಮೊದಲು ಅವಧಿ ನೋಡುತ್ತೇನೆ.

ನನಗೆ ಗೆದ್ದದ್ದು ನ್ಯೂ ಕರೆಂಟ್ಸ್. 2024ರವರೆಗೆ ಅದು ಏಷ್ಯಾದ ನಿರ್ದೇಶಕರ ಮೊದಲ ಅಥವಾ ಎರಡನೇ ಸಿನಿಮಾಗಳ ಸ್ಪರ್ಧೆಯಾಗಿತ್ತು. 2022ರ ಸಾಲಿನಲ್ಲಿ ನೋಡಿದರೆ ನಮ್ಮ ಜಿಲ್ಲೆಯೇ ಕೂತಿದೆ: ಜೈಶಂಕರ್ ಆರ್ಯರ್ ಅವರ ಶಿವಮ್ಮ ಯರೇಹಂಚಿನಾಳ! ಗಂಡನಿಗೆ ಪಾರ್ಶ್ವವಾಯು, ಕೈಯಲ್ಲಿ ಕಾಸಿಲ್ಲ. ಶಿವಮ್ಮ ಚೈನ್ ಮಾರ್ಕೆಟಿಂಗ್‌ನ ಶಕ್ತಿ ಪೇಯ ಮಾರೋಕೆ ಇಳಿಯುತ್ತಾಳೆ. ಅಂಥ ಡಬ್ಬಿ ನಮ್ಮ ಓಣಿಯ ಎಷ್ಟು ಮನೆಗಳ ಅಟ್ಟದ ಮೇಲೆ ಧೂಳು ತಿಂತಿಲ್ಲ ಹೇಳಿ. ಮಾತು ನಮ್ಮದೇ, ಸಬ್‌ಟೈಟಲ್ ಬೇಡ.

ಈ ಪಟ್ಟಿಯ ತೊಂದರೆ ಕಾಯೋದು. ಶಿವಮ್ಮ ಬುಸಾನ್‌ನಲ್ಲಿ ಗೆದ್ದದ್ದು 2022ರ ಅಕ್ಟೋಬರ್, ಥಿಯೇಟರಿಗೆ ಬಂದದ್ದು 2024ರ ಜೂನ್. ಅದಕ್ಕೇ ತೀರಾ ಹೊಸ ಪಟ್ಟಿ ಬಿಟ್ಟು, ಎರಡು-ಮೂರು ವರ್ಷ ಹಳೆಯದನ್ನು ತೆಗೆಯುತ್ತೇನೆ. ಜೊತೆಗೆ ನಿರ್ದೇಶಕರ ಹೆಸರು ಬರೆದಿಟ್ಟುಕೊಂಡು ಮತ್ತೆ ಮತ್ತೆ ಹುಡುಕುತ್ತೇನೆ. ಅಷ್ಟು ಮಾಡಿದರೂ ಆ ವರ್ಷ ಶಿವಮ್ಮನ ಜೊತೆ ಪ್ರಶಸ್ತಿ ಹಂಚಿಕೊಂಡ ಕೊರಿಯಾದ ಎ ವೈಲ್ಡ್ ರೂಮರ್ ನನಗಿನ್ನೂ ಸಿಕ್ಕಿಲ್ಲ.