ದೂರದ ದಿನಾಂಕದ ವಾರ ಕಂಡುಹಿಡಿಯಲು ಯಾವುದು ಮೇಲು: ಬೆಸ ದಿನವೋ, ಕೋಡ್ ಪಟ್ಟಿಯೋ, ಕಾನ್‌ವೇ ವಿಧಾನವೋ?

ಪ್ರಥಮ ದರ್ಜೆ ಸಹಾಯಕರ ಪರೀಕ್ಷೆಗೆ ಓದುತ್ತಿರುವಾಗ, ಮಾನಸಿಕ ಸಾಮರ್ಥ್ಯ ವಿಭಾಗದ ಕ್ಯಾಲೆಂಡರ್ ಪ್ರಶ್ನೆಗಳನ್ನು ಬೇಗ ಬಿಡಿಸಬಹುದೆಂಬ ಆಸೆಯಿಂದ ಒಂದು ಶಾರ್ಟ್‌ಕಟ್ ಪುಸ್ತಕ ಕೊಂಡೆ. ಅದರಲ್ಲಿದ್ದ ಕೋಡ್ ಪಟ್ಟಿಯನ್ನು ಬಾಯಿಪಾಠ ಮಾಡಿ ಬಹಳ ಕಾಲ ಬಳಸಿದೆ. ಜೊತೆಯಲ್ಲೇ ಕಾನ್‌ವೇ ವಿಧಾನವನ್ನೂ ಕಲಿತೆ. ಇವೆರಡನ್ನೂ ಪಳಗಿಸಿಕೊಂಡ ಮೇಲೆ, ಯಾವ ಪುಸ್ತಕವನ್ನೂ ಕೊಳ್ಳದೆ ಕಲಿಯಬಹುದಾದ ಹಳೆಯ ಬೆಸ ದಿನಗಳ ಲೆಕ್ಕವೇ ನನಗೆ ಎಲ್ಲಕ್ಕಿಂತ ಮೇಲಾಗಿ ಕಂಡಿತು. ಅದಕ್ಕೆ ಕಾರಣ ವೇಗವಲ್ಲ. ಫೆಬ್ರವರಿ 29 ಎಂಬ ಒಂದೇ ಒಂದು ದಿನವನ್ನು ಮೂರು ವಿಧಾನಗಳೂ ನಡೆಸಿಕೊಳ್ಳುವ ರೀತಿ.

ಬೆಸ ದಿನವೆಂದರೆ ದಿನಗಳ ಸಂಖ್ಯೆಯನ್ನು 7ರಿಂದ ಭಾಗಿಸಿದಾಗ ಉಳಿಯುವ ಶೇಷ. ಸಾಮಾನ್ಯ ವರ್ಷಕ್ಕೆ 1, ಅಧಿಕ ವರ್ಷಕ್ಕೆ 2. ನೂರು ವರ್ಷಗಳಲ್ಲಿ 24 ಅಧಿಕ ವರ್ಷಗಳೂ 76 ಸಾಮಾನ್ಯ ವರ್ಷಗಳೂ ಇರುವುದರಿಂದ 48 ಮತ್ತು 76 ಸೇರಿ 124 ಬರುತ್ತದೆ, ಅದರ ಶೇಷ 5. ಹೀಗೆಯೇ 200 ವರ್ಷಕ್ಕೆ 3, 300 ವರ್ಷಕ್ಕೆ 1. ನಾನೂರನೆಯ ವರ್ಷವು 400ರಿಂದ ಭಾಗವಾಗುವ ಕಾರಣ ಅಧಿಕ ವರ್ಷವಾಗಿ ಒಂದು ದಿನ ಹೆಚ್ಚು ಕೊಡುತ್ತದೆ. ಆಗ ಮೊತ್ತ 21 ಆಗಿ ಶೇಷ ಸೊನ್ನೆಯಾಗುತ್ತದೆ. ಆದ್ದರಿಂದಲೇ 1600 ವರ್ಷಗಳನ್ನು ಲೆಕ್ಕದಿಂದ ನಿಶ್ಚಿಂತೆಯಾಗಿ ಕೈಬಿಡಬಹುದು. ಕೊನೆಯ ಶೇಷ ಸೊನ್ನೆಯಾದರೆ ಭಾನುವಾರ, 1 ಆದರೆ ಸೋಮವಾರ, ಹೀಗೆ ಮುಂದಕ್ಕೆ.

ಶ್ರೀರಂಗಪಟ್ಟಣ ಕುಸಿದು ಟಿಪ್ಪು ಸುಲ್ತಾನ ಮಡಿದ 1799ರ ಮೇ 4 ಯಾವ ವಾರವೆಂದು ನೋಡೋಣ. ಪೂರ್ತಿಯಾಗಿ ಕಳೆದ ವರ್ಷಗಳು 1798. ಇದರಲ್ಲಿ 1600ಕ್ಕೆ ಸೊನ್ನೆ, ಮುಂದಿನ ನೂರಕ್ಕೆ 5. ಉಳಿದ 98 ವರ್ಷಗಳಲ್ಲಿ 24 ಅಧಿಕ, 74 ಸಾಮಾನ್ಯ. 48 ಮತ್ತು 74 ಸೇರಿ 122, ಶೇಷ 3. ಐದೂ ಮೂರೂ ಎಂಟು, ಅಂದರೆ ಶೇಷ 1. ಇನ್ನು 1799ರೊಳಗೆ ಜನವರಿಗೆ 3, ಫೆಬ್ರವರಿಗೆ 0, ಮಾರ್ಚ್‌ಗೆ 3, ಏಪ್ರಿಲ್‌ಗೆ 2, ಒಟ್ಟು 8, ಶೇಷ 1. ಮೇ ತಿಂಗಳ 4 ದಿನಗಳನ್ನು ಕೂಡಿಸಿದರೆ ಒಂದೂ ಒಂದೂ ನಾಲ್ಕೂ ಸೇರಿ 6. ಆ ದಿನ ಶನಿವಾರ. ಈ ಲೆಕ್ಕದಲ್ಲಿ ಬಂದ ಪ್ರತಿಯೊಂದು ಅಂಕಿಯೂ ನಿಜವಾಗಿ ಕಳೆದುಹೋದ ದಿನಗಳ ಶೇಷವೇ ಆಗಿರುವುದರಿಂದ, ಎಲ್ಲಿ ಎಡವಿದೆವೆಂದು ಹಿಂದಿರುಗಿ ಹುಡುಕುವುದು ಸುಲಭ.

ಕೋಡ್ ಪಟ್ಟಿ ಇದಕ್ಕಿಂತ ಚುರುಕು, ಅದನ್ನು ಒಪ್ಪಲೇಬೇಕು. ಜನವರಿಯಿಂದ ಡಿಸೆಂಬರ್‌ವರೆಗೆ 0, 3, 3, 6, 1, 4, 6, 2, 5, 0, 3, 5 ಎಂಬ ಹನ್ನೆರಡು ಅಂಕಿಗಳನ್ನು ನೆನಪಿಟ್ಟುಕೊಂಡು, ತಾರೀಖು, ತಿಂಗಳ ಕೋಡ್, ಇಸವಿಯ ಕೊನೆಯ ಎರಡು ಅಂಕಿ, ಶೇಷ ಬಿಟ್ಟು ಆ ಎರಡಂಕಿಯ ಕಾಲು ಭಾಗ, ಶತಮಾನದ ಕೋಡ್ ಇಷ್ಟನ್ನು ಕೂಡಿಸಿ 7ರಿಂದ ಭಾಗಿಸಿದರೆ ಮುಗಿಯಿತು. 1947ರ ಆಗಸ್ಟ್ 15ಕ್ಕೆ 15, 2, 47, 11, 0 ಸೇರಿ 75, ಶೇಷ 5, ಶುಕ್ರವಾರ. ನಾಲ್ಕು ಗೆರೆಯ ಲೆಕ್ಕ ಒಂದೇ ಗೆರೆಗೆ ಇಳಿಯುತ್ತದೆ.

ತೊಡಕು ಇರುವುದು ಅಧಿಕ ವರ್ಷದ ಮೊದಲ ಎರಡು ತಿಂಗಳಲ್ಲಿ. ಗಾಂಧೀಜಿಯವರ ಹತ್ಯೆಯಾದ 1948ರ ಜನವರಿ 30ನ್ನು ಇದೇ ಪಟ್ಟಿಯಿಂದ ಲೆಕ್ಕ ಹಾಕಿದರೆ 30, 0, 48, 12, 0 ಸೇರಿ 90 ಬರುತ್ತದೆ. ಶೇಷ 6, ಅಂದರೆ ಶನಿವಾರ. ನಿಜವಾಗಿ ಅದು ಶುಕ್ರವಾರ. ನಾನು ಕೊಂಡ ಪುಸ್ತಕದ ಪಟ್ಟಿಯ ಪುಟದಲ್ಲಿ ಈ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬಿಡಿಸಿ ತೋರಿಸಿದ ಉದಾಹರಣೆಗಳೆಲ್ಲ ಮಾರ್ಚ್‌ನ ಈಚಿನವು ಅಥವಾ ಸಾಮಾನ್ಯ ವರ್ಷದವು ಆಗಿದ್ದುದರಿಂದ ಕೊರತೆ ಕಣ್ಣಿಗೆ ಬೀಳುವ ಅವಕಾಶವೂ ಇರಲಿಲ್ಲ. ಬೆಸ ದಿನಗಳ ಲೆಕ್ಕದೊಡನೆ ತಾಳೆ ನೋಡುತ್ತಿದ್ದಾಗ ಒಂದು ದಿನದ ವ್ಯತ್ಯಾಸ ಎದ್ದು ಕಂಡಿತು.

ವ್ಯತ್ಯಾಸದ ಕಾರಣ ಆ ಕಾಲು ಭಾಗದಲ್ಲಿದೆ. 48ರ ಕಾಲು ಭಾಗ 12 ಎಂದು ಬರೆಯುವಾಗ ನಾವು 1948ರ ಅಧಿಕ ದಿನವನ್ನೂ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತೇವೆ. ಆದರೆ ಜನವರಿ 30ರಂದು ಆ ವರ್ಷದ ಫೆಬ್ರವರಿ 29 ಇನ್ನೂ ಬಂದೇ ಇರುವುದಿಲ್ಲ. ಬಾರದ ದಿನವನ್ನು ಮುಂಚಿತವಾಗಿ ಎಣಿಸಿದ್ದರಿಂದ ಉತ್ತರ ಒಂದು ದಿನ ಮುಂದಕ್ಕೆ ಜಿಗಿಯುತ್ತದೆ. ಆದ್ದರಿಂದ ಅಧಿಕ ವರ್ಷದ ಜನವರಿ ಮತ್ತು ಫೆಬ್ರವರಿ ತಿಂಗಳ ತಾರೀಖುಗಳಿಗೆ ಕೊನೆಯಲ್ಲಿ 1 ಕಳೆಯಬೇಕು. ಬೆಸ ದಿನಗಳ ವಿಧಾನದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ, ಏಕೆಂದರೆ ಅಲ್ಲಿ 1947ರವರೆಗೆ ಮುಗಿದ ವರ್ಷಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ, ಆಮೇಲೆ ಜನವರಿಯ 30 ದಿನಗಳನ್ನು ಸೇರಿಸುತ್ತೇವೆ. ಮುನ್ನೂರು ವರ್ಷಕ್ಕೆ 1, 47 ವರ್ಷಕ್ಕೆ 2, ಮೂವತ್ತು ದಿನಕ್ಕೆ 2, ಒಟ್ಟು 5, ಶುಕ್ರವಾರ. ಫೆಬ್ರವರಿಯನ್ನು ಮುಟ್ಟುವ ಮೊದಲೇ ಲೆಕ್ಕ ಮುಗಿದಿರುತ್ತದೆ.

ಒಂದು ಕಳೆಯಬೇಕೆಂಬ ನಿಯಮವನ್ನು ಕಂಠಪಾಠ ಮಾಡಿದರೂ ಸಾಲದು. ಇಸವಿ 00ಯಿಂದ ಮುಗಿದಾಗ ಇನ್ನೊಂದು ಎಚ್ಚರ ಬೇಕು. 2000 ಅಧಿಕ ವರ್ಷವಾದ್ದರಿಂದ ಅದರ ಜನವರಿ 1ಕ್ಕೆ ಕಳೆಯಬೇಕು, 2000ದ ದಶಕಗಳ ಶತಮಾನ ಕೋಡ್ 6ನ್ನು ಸೇರಿಸಿ ಆಮೇಲೆ ಕಳೆದರೆ ಶನಿವಾರವೆಂಬ ಸರಿಯುತ್ತರ ಸಿಗುತ್ತದೆ. 1900 ನಾಲ್ಕರಿಂದ ಭಾಗವಾದರೂ 400ರಿಂದ ಆಗುವುದಿಲ್ಲ, ಹಾಗಾಗಿ ಅದು ಸಾಮಾನ್ಯ ವರ್ಷ. ಅದರ ಜನವರಿ 1ಕ್ಕೆ ಕಳೆಯಬಾರದು, ಅದು ಸೋಮವಾರ. ಎಕ್ಸೆಲ್ ತಂತ್ರಾಂಶವೂ 1900ನ್ನು ಅಧಿಕ ವರ್ಷವೆಂದೇ ಇಟ್ಟುಕೊಂಡಿರುವುದರಿಂದ ಆ ಜನವರಿ 1ನ್ನು ಭಾನುವಾರವೆಂದು ತೋರಿಸುತ್ತದೆ. ಮನೆಯಲ್ಲಿ ಉತ್ತರ ಸರಿನೋಡಲು ಅದನ್ನು ಬಳಸುವವರು ಆ ಎರಡು ತಿಂಗಳ ಮಟ್ಟಿಗೆ ನಂಬಬಾರದು.

ಅದೇ ಪುಸ್ತಕ 1900 ಮತ್ತು 2000ದ ಶತಮಾನ ಕೋಡ್‌ಗಳನ್ನಷ್ಟೇ ಕೊಟ್ಟಿತ್ತು. 1700ಕ್ಕೆ 4, 1800ಕ್ಕೆ 2 ಎಂಬುದನ್ನು ಬೇರೆಡೆ ಹುಡುಕಬೇಕಾಯಿತು.

ಬ್ರಿಟನ್ನಿನ ಗಣಿತಜ್ಞ ಜಾನ್ ಕಾನ್‌ವೇ 1970ರ ದಶಕದಲ್ಲಿ ರೂಪಿಸಿದ ಡೂಮ್ಸ್‌ಡೇ ವಿಧಾನದ ಬಗ್ಗೆ ನನಗೆ ನಿಜವಾದ ಗೌರವವಿದೆ. ಏಪ್ರಿಲ್ 4, ಜೂನ್ 6, ಆಗಸ್ಟ್ 8, ಅಕ್ಟೋಬರ್ 10, ಡಿಸೆಂಬರ್ 12 ಇವೆಲ್ಲವೂ ಯಾವುದೇ ವರ್ಷದಲ್ಲಿ ಒಂದೇ ವಾರಕ್ಕೆ ಬರುತ್ತವೆ. ಮೇ 9, ಸೆಪ್ಟೆಂಬರ್ 5, ಜುಲೈ 11, ನವೆಂಬರ್ 7 ಕೂಡ ಅದೇ ವಾರಕ್ಕೆ. ಆ ವರ್ಷದ ಆಧಾರವಾರವೊಂದು ಗೊತ್ತಾದರೆ ಉಳಿದದ್ದನ್ನು ಬೆರಳಲ್ಲಿ ಎಣಿಸಬಹುದು. 1799ಕ್ಕೆ ಹೀಗೆ: 1700ರ ಆಧಾರ ಭಾನುವಾರ, 99ರಲ್ಲಿ ಹನ್ನೆರಡು 8 ಸಲ, ಉಳಿದದ್ದು 3, ಆ ಮೂರರಲ್ಲಿ ನಾಲ್ಕು 0 ಸಲ, ಒಟ್ಟು 11, ಶೇಷ 4, ಹಾಗಾಗಿ ಆಧಾರವಾರ ಗುರುವಾರ. ಮೇ 9 ಗುರುವಾರವಾದರೆ ಐದು ದಿನ ಹಿಂದಿನ ಮೇ 4 ಶನಿವಾರ. ಅಧಿಕ ವರ್ಷದ ತೊಡಕನ್ನೂ ಇದು ಮುಚ್ಚಿಡುವುದಿಲ್ಲ: ಸಾಮಾನ್ಯ ವರ್ಷದಲ್ಲಿ ಜನವರಿ 3, ಅಧಿಕ ವರ್ಷದಲ್ಲಿ ಜನವರಿ 4 ಆಧಾರ ದಿನವೆಂದು ಮೊದಲೇ ಹೇಳಿಬಿಡುತ್ತದೆ. ಹಾಳೆಯಿಲ್ಲದೆ, ಬಸ್ಸಿನಲ್ಲಿ ನಿಂತೇ ಲೆಕ್ಕ ಹಾಕುವುದಾದರೆ ಇದಕ್ಕೆ ಸಾಟಿಯಿಲ್ಲ.

ಝೆಲ್ಲರ್ ಸೂತ್ರ ಜನವರಿ, ಫೆಬ್ರವರಿಗಳನ್ನು ಹಿಂದಿನ ವರ್ಷದ 13 ಮತ್ತು 14ನೆಯ ತಿಂಗಳಾಗಿ ಎಣಿಸಿ ತೊಡಕನ್ನು ನಿವಾರಿಸುತ್ತದೆ. ಪ್ರೋಗ್ರಾಂ ಬರೆಯುವವರಿಗೆ ಅದು ಸರಿ, ಕೈಲೆಕ್ಕಕ್ಕೆ ಭಾರ.

ಪರೀಕ್ಷೆಯ ಪ್ರಶ್ನೆಗಳು ಎಲ್ಲ ಸಲವೂ ನೇರವಾಗಿ ವಾರವನ್ನು ಕೇಳುವುದಿಲ್ಲ ಎಂಬುದು ನನ್ನ ಆಯ್ಕೆಯ ಇನ್ನೊಂದು ಕಾರಣ. 1956ರ ನವೆಂಬರ್ 1 ಗುರುವಾರವಾಗಿದ್ದರೆ 1973ರ ನವೆಂಬರ್ 1 ಯಾವ ವಾರ ಎಂಬ ಮಾದರಿಯಲ್ಲಿ ಒಂದು ವಾರವನ್ನು ಕೊಟ್ಟು ಇನ್ನೊಂದನ್ನು ಕೇಳುತ್ತಾರೆ. ಮೊದಲನೆಯದು ರಾಜ್ಯದ ಏಕೀಕರಣದ ದಿನ, ಎರಡನೆಯದು ಮೈಸೂರು ರಾಜ್ಯವು ಕರ್ನಾಟಕವೆಂದು ಹೆಸರು ಪಡೆದ ದಿನ. ಕೋಡ್ ಪಟ್ಟಿಯವರು ಕೊಟ್ಟ ವಾರವನ್ನು ಬದಿಗಿಟ್ಟು ಮೊದಲಿನಿಂದ ಲೆಕ್ಕ ಹಾಕುತ್ತಾರೆ. ಬೆಸ ದಿನದವರು ನಡುವಿನ ಅಂತರವನ್ನಷ್ಟೇ ನೋಡಿದರೆ ಸಾಕು: 17 ವರ್ಷಗಳಿಗೆ 17, ಅಧಿಕ ದಿನಗಳಿಗೆ 1960, 1964, 1968, 1972 ಸೇರಿ 4, ಒಟ್ಟು 21, ಶೇಷ ಸೊನ್ನೆ. ಎರಡೂ ಗುರುವಾರವೇ. ಇಲ್ಲಿ 1956 ಅಧಿಕ ವರ್ಷವೆಂದು ಅದನ್ನೂ ಸೇರಿಸಿದರೆ 22 ಆಗಿ ಶುಕ್ರವಾರ ಬರುತ್ತದೆ, ಆಯ್ಕೆಗಳಲ್ಲಿ ಶುಕ್ರವಾರವೂ ಇದ್ದೇ ಇರುತ್ತದೆ. ನವೆಂಬರ್ 1ರ ಹೊತ್ತಿಗೆ 1956ರ ಫೆಬ್ರವರಿ 29 ಹಿಂದೆಯೇ ಕಳೆದುಹೋಗಿತ್ತು. ಅಧಿಕ ವರ್ಷಗಳನ್ನು ಎಣಿಸದೆ, ಎರಡು ದಿನಾಂಕಗಳ ನಡುವೆ ಬಿದ್ದ ಫೆಬ್ರವರಿ 29ಗಳನ್ನು ಎಣಿಸುವುದು ಸುರಕ್ಷಿತ.

ಬೆಸ ದಿನದ ಕೊರತೆಯೆಂದರೆ ವರ್ಷದ ಕೊನೆಯ ತಿಂಗಳುಗಳಿಗೆ ಉದ್ದದ ಕೂಡಿಕೆ. ಅಂಥಲ್ಲಿ ಹಿಂದಿನಿಂದ ಎಣಿಸುತ್ತೇನೆ. ಕುವೆಂಪು ಹುಟ್ಟಿದ 1904ರ ಡಿಸೆಂಬರ್ 29ರ ನಂತರ ವರ್ಷದಲ್ಲಿ ಎರಡೇ ದಿನ ಉಳಿಯುತ್ತವೆ. 366ರಲ್ಲಿ ಎರಡು ಕಳೆದರೆ 364, ಶೇಷ ಸೊನ್ನೆ. 1903ರವರೆಗಿನ ಶೇಷ 4 ಹಾಗೆಯೇ ಉಳಿದು ಗುರುವಾರ ಬರುತ್ತದೆ.

ಮೂರೂ ವಿಧಾನಗಳು ಒಟ್ಟಿಗೆ ಸೋಲುವ ಜಾಗವೂ ಒಂದಿದೆ. ಪುಸ್ತಕಗಳು ಸಾಮಾನ್ಯವಾಗಿ ಕೊಡುವ ತಾಳಿಕೋಟೆ ಯುದ್ಧದ ದಿನಾಂಕ 1565ರ ಜನವರಿ 23. ಮೇಲಿನ ನಿಯಮಗಳನ್ನು ಅದಕ್ಕೆ ಹಚ್ಚಿದರೆ ಶನಿವಾರ ಬರುತ್ತದೆ, ಆದರೆ ಆ ದಿನಾಂಕ 1582ಕ್ಕಿಂತ ಹಿಂದಿನ ಜೂಲಿಯನ್ ಪಂಚಾಂಗದ್ದು. ಈಗಿನ ಗ್ರೆಗೋರಿಯನ್ ಲೆಕ್ಕಕ್ಕೆ ಹತ್ತು ದಿನ ಸೇರಿಸಿ ಫೆಬ್ರವರಿ 2 ಎಂದು ತೆಗೆದುಕೊಂಡಾಗ ನಿಜವಾದ ವಾರ ಸಿಗುತ್ತದೆ: ಮಂಗಳವಾರ.

ಪರೀಕ್ಷಾ ಕೊಠಡಿಯಲ್ಲಿ ಕಚ್ಚಾ ಲೆಕ್ಕಕ್ಕೆ ಜಾಗವಿರುತ್ತದೆ, ತಪ್ಪುತ್ತರಕ್ಕೆ ಅಂಕ ಕಳೆಯುತ್ತಾರೆ. ನಾನು ಬರೆದು ಲೆಕ್ಕ ಮಾಡುವವನು, ಬಾಯಿಪಾಠ ಕೆಲವು ವಾರಗಳಲ್ಲಿ ಅಳಿಸಿಹೋಗುತ್ತದೆ. ಹಾಗಾಗಿ ಪರೀಕ್ಷೆಗೆ ಬೆಸ ದಿನ, ಬಾಯಿಲೆಕ್ಕಕ್ಕೆ ಕಾನ್‌ವೇ ಎಂದು ಇಟ್ಟುಕೊಂಡಿದ್ದೇನೆ. ದಿನವೂ ಹತ್ತಾರು ಲೆಕ್ಕ ಬಿಡಿಸುವ, ಪಟ್ಟಿಯನ್ನು ಮರೆಯದ ನೆನಪುಳ್ಳವರಿಗೆ ಕೋಡ್ ವಿಧಾನ ಒಗ್ಗೀತು. ಅವರು ಪುಸ್ತಕಕ್ಕೆ ಹಣ ಕೊಡುವ ಮೊದಲು ಅದರಲ್ಲಿ ಅಧಿಕ ವರ್ಷದ ಜನವರಿಯ ಲೆಕ್ಕವೊಂದನ್ನಾದರೂ ಬಿಡಿಸಿ ತೋರಿಸಿದ್ದಾರೆಯೇ ಎಂದು ಅಂಗಡಿಯಲ್ಲೇ ತಿರುವಿ ನೋಡಲಿ.